ಮಕ್ಕಳ ಓದಿನ ಸಾಲ, ಬಡ್ಡಿ ಮತ್ತು ತೆರಿಗೆ: ನಮ್ಮ ಗ್ರೂಪಿನ ಲೆಕ್ಕಪರಿಶೋಧಕರ ಜೊತೆ ಪ್ರಶ್ನೋತ್ತರ

ಬಸವರಾಜ, ಹಾವೇರಿ: ಮೇಡಂ, ಮಗಳ ಎಂಬಿಬಿಎಸ್ ಸಾಲಕ್ಕೆ ನಾನು ಕೋ-ಅಪ್ಲಿಕೆಂಟ್. 2022-23ರಿಂದ ಬಡ್ಡಿ ಕಟ್ಟುತ್ತಿದ್ದೇನೆ. 2025-26ರಲ್ಲಿ 1,80,000 ಕಟ್ಟಿದೆ. ಬ್ಯಾಂಕಿನ ಸರ್ಟಿಫಿಕೇಟ್ ಮಗಳ ಹೆಸರಲ್ಲಿದೆ. ಓದಿನ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯುವ 80ಇ ನಾನು ತೋರಿಸಬಹುದಾ? ಸಂಬಳ 16 ಲಕ್ಷ, ಸ್ವಂತ ಮನೆ.

ಸಿಎ ಮೇಡಂ, ಹುಬ್ಬಳ್ಳಿ: ತೋರಿಸಬಹುದು ಸರ್. ಆದರೆ ಮೊದಲು ಸ್ಯಾಂಕ್ಷನ್ ಪತ್ರ ತೆಗೆದು ನೋಡಿ. ಅದರಲ್ಲಿ ನೀವು ಸಾಲಗಾರರಾಗಿ ಸಹಿ ಹಾಕಿದ್ದೀರೋ, ಬರೀ ಜಾಮೀನುದಾರರೋ? ಜಾಮೀನು ಮಾತ್ರ ಆಗಿದ್ದರೆ ಸಾಲ ನಿಮ್ಮದಲ್ಲ, ಕ್ಲೇಮ್ ನಿಲ್ಲುವುದಿಲ್ಲ. ಕಂತು ಯಾರ ಖಾತೆಯಿಂದ ಹೋಗುತ್ತದೆ?

ಬಸವರಾಜ: ಸಹಸಾಲಗಾರ ಅಂತಲೇ ಇದೆ. ನಾನು ಮಗಳ ಖಾತೆಗೆ ಹಾಕುತ್ತೇನೆ, ಅಲ್ಲಿಂದ ಕಟ್ ಆಗುತ್ತದೆ.

ಮಂಜುನಾಥ, ಗದಗ: ಮಿತಿ ಒಂದೂವರೆ ಲಕ್ಷ ಅಲ್ವಾ? ಉಳಿದ 30 ಸಾವಿರ ಹೋಯ್ತು.

ಸಿಎ ಮೇಡಂ: ಅದು ಪಿಎಫ್, ವಿಮೆಯಂಥ ಉಳಿತಾಯಕ್ಕೆ ಸಿಗುವ 80ಸಿ. ಇಲ್ಲಿ ಬಡ್ಡಿಗೆ ಮಿತಿಯೇ ಇಲ್ಲ. ಅಸಲಿಗೆ ಮಾತ್ರ ಒಂದು ರೂಪಾಯಿಯೂ ಸಿಗಲ್ಲ.

ಬಸವರಾಜ ಸರ್, ನನಗೆ ಚಿಂತೆ ಆ ಖಾತೆಯದು. ಬಡ್ಡಿಯನ್ನು ನಿಮ್ಮ ತೆರಿಗೆ ಬೀಳುವ ಆದಾಯದಿಂದ ನೀವೇ ಕಟ್ಟಿರಬೇಕು. ಮಗಳ ಖಾತೆಯಿಂದ ಹೋದರೆ ಕಟ್ಟಿದ್ದು ಮಗಳು ಅಂತ ಕಾಣುತ್ತದೆ. ಪ್ರತಿ ತಿಂಗಳು ನಿಮ್ಮಿಂದ ಹೋದ ಹಣ, ಅದೇ ವಾರದ ಕಂತು, ಎರಡನ್ನೂ ಸ್ಟೇಟ್‌ಮೆಂಟಿನಲ್ಲಿ ಗುರುತು ಮಾಡಿ ಇಟ್ಟುಕೊಳ್ಳಿ. ಮುಂದಿನ ತಿಂಗಳಿಂದ ನಿಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೇ ಕಟ್ಟಿ. ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರೂ ಸೇರಿಸಿ, ಬಡ್ಡಿ ಬೇರೆ, ಅಸಲು ಬೇರೆ ಬರೆಸಿಕೊಳ್ಳಿ.

ಇನ್ನೊಂದು ಮಾತು, ಇದು ಇನ್ನೂ ದೊಡ್ಡದು. 80ಇ ಸಿಗುವುದು ಹಳೇ ತೆರಿಗೆ ಪದ್ಧತಿ, ಅಂದರೆ ಹಳೇ ರೆಜಿಮ್‌ನಲ್ಲಿ ಮಾತ್ರ. ನಿಮ್ಮ ಲೆಕ್ಕ ಹಾಕಿದೆ. ಹೊಸದರಲ್ಲಿ ಸಂಬಳದವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 15.25 ಲಕ್ಷ ಉಳಿಯುತ್ತದೆ. ಸೆಸ್ ಸೇರಿ ತೆರಿಗೆ 1,13,100. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿಯ 1.5 ಲಕ್ಷ, ನಿಮ್ಮ ಬಡ್ಡಿ 1.8 ಲಕ್ಷ ಕಳೆದರೂ 12.2 ಲಕ್ಷ ಉಳಿಯುತ್ತದೆ. ತೆರಿಗೆ 1,85,640. ಅಂದರೆ ಕ್ಲೇಮ್ ಮಾಡಿದರೆ 72,540 ಹೆಚ್ಚು ಕಟ್ಟುತ್ತೀರಿ! ಮನೆ ಸಾಲದ ಬಡ್ಡಿ 2 ಲಕ್ಷ ಇದ್ದಿದ್ದರೂ 1,23,240 ಆಗುತ್ತಿತ್ತು, ಆಗಲೂ ಹೊಸದೇ ಕಡಿಮೆ. ಹಾಗಾಗಿ ಈ ವರ್ಷ ಹೊಸದರಲ್ಲೇ ಇರಿ. ಹಿಂದಿನ ವರ್ಷಗಳ ಸ್ಲ್ಯಾಬ್ ಬೇರೆ, ಆ ಲೆಕ್ಕವೂ ಬೇರೆ.

ಬಸವರಾಜ: ಅಯ್ಯೋ, ಸರ್ಟಿಫಿಕೇಟಿಗೆ ಮೂರು ಸಲ ಬ್ಯಾಂಕಿಗೆ ಅಲೆದೆ. 80ಇ 8 ವರ್ಷ ಮಾತ್ರ ಸಿಗುತ್ತದಲ್ಲ, ಈ ವರ್ಷ ಬಿಟ್ಟರೆ ಆ ಲೆಕ್ಕ ನಿಲ್ಲುತ್ತದಾ?

ಸಿಎ ಮೇಡಂ: ನಿಲ್ಲಲ್ಲ. ನೀವು ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಓಡುತ್ತದೆ, ಕ್ಲೇಮ್ ಮಾಡಿದರೂ ಬಿಟ್ಟರೂ. ನಿಮಗೆ 2029-30ರಲ್ಲಿ ಕಟ್ಟುವ ಬಡ್ಡಿಯೇ ಕೊನೆಯದು. ಮುಂದೆ ಮಗಳು ತನ್ನ ಸಂಬಳದಿಂದ ಕಟ್ಟಿದರೆ ಅವಳ 8 ವರ್ಷ ಅವಳು ಶುರು ಮಾಡಿದಾಗಿನಿಂದ.

ಶಿವಾನಂದ, ಧಾರವಾಡ: ತಪ್ಪು. ಸಾಲ ಮಂಜೂರಾದ ದಿನದಿಂದ ಎಣಿಸಬೇಕು. ನಮ್ಮ ಆಫೀಸಿನಲ್ಲಿ ಹಾಗೇ ಹೇಳಿದರು.

ಮಂಜುನಾಥ: ಶಿವಾನಂದ ಅವರೇ, ಮೇಡಂ ಬರೆದಿದ್ದು ಓದಿ. ಆಫೀಸಿನವರು ರಿಟರ್ನ್ ಹಾಕಿಕೊಡ್ತಾರಾ?

ಶಿವಾನಂದ: ಒಂದೂವರೆ ಲಕ್ಷ ಅಂದವರು ನೀವು. ನನಗೆ ಪಾಠ ಬೇಡ.

ಮಂಜುನಾಥ: ನಾನು ತಪ್ಪು ಅಂದಾಗ ಒಪ್ಪಿಕೊಂಡೆ. ನೀವೂ ಒಪ್ಪಿಕೊಳ್ಳಿ.

ಸುಮಾ, ನವನಗರ: ಜಗಳ ಬಿಡ್ರಿ. ಮೇಡಂ, ತಮ್ಮನ ಇಂಜಿನಿಯರಿಂಗ್ ಸಾಲದ ಕಂತು ನಾನೇ ಕಟ್ಟುತ್ತೇನೆ, ನಾನೂ ಕೋ-ಅಪ್ಲಿಕೆಂಟ್. ಸಿಗುತ್ತದಾ?

ಸಿಎ ಮೇಡಂ: ಇಲ್ಲಮ್ಮ. ಸ್ವಂತಕ್ಕೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ಅಥವಾ ನೀವು ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿಗೆ ಮಾತ್ರ. ತಮ್ಮ ಬರಲ್ಲ.

ವೀರೇಶ, ರಾಣೆಬೆನ್ನೂರು: ಈ ಫಾರ್ವರ್ಡ್ ನೋಡಿ: "80ಇ ಕೆಳಗೆ ಪೂರ್ತಿ ಇಎಂಐ ಹಾಕಿ, ಯಾರೂ ಕೇಳಲ್ಲ, ರೀಫಂಡ್ ಗ್ಯಾರಂಟಿ." ನನ್ನ ಗೆಳೆಯನಿಗೆ ದುಡ್ಡು ಬಂತು.

ಸಿಎ ಮೇಡಂ: ವೀರೇಶ, ಇದನ್ನು ಅಳಿಸಿ. ರಿಟರ್ನ್ ಫಾರ್ಮಿನಲ್ಲೇ ಈಗ ಸಾಲದ ಖಾತೆ ನಂಬರ್, ಮಂಜೂರಾದ ದಿನ, ಬಾಕಿ ಎಷ್ಟು, ಬಡ್ಡಿ ಎಷ್ಟು ಅಂತ ಕೇಳುತ್ತಾರೆ. ದುಡ್ಡು ಬಂದ ಮೇಲೂ ನೋಟಿಸ್ ಬರುತ್ತದೆ. ಆಗ ತೆರಿಗೆ, ಬಡ್ಡಿ ಎರಡೂ ಕಟ್ಟಬೇಕು, ಸುಳ್ಳು ಲೆಕ್ಕ ಅಂತ ತೀರ್ಮಾನವಾದರೆ ತೆರಿಗೆಯ ಎರಡು ಪಟ್ಟು ದಂಡವೂ ಬೀಳುತ್ತದೆ. ನಿಮ್ಮ ಗೆಳೆಯನಿಗೆ ಹೇಳಿ, ತಾನಾಗಿಯೇ ಅಪ್‌ಡೇಟೆಡ್ ರಿಟರ್ನ್ ಹಾಕಿ ಸರಿಮಾಡಲಿ. ಕಾಯುವುದು ಬೇಡ.

ವೀರೇಶ: ಸುಮ್ನೆ ಕಳಿಸಿದ್ದು ಮೇಡಂ.

ಗಂಗಮ್ಮ, ಗದಗ: ನಾನು ಶಾಲಾ ಟೀಚರ್, ಸಂಬಳ 11 ಲಕ್ಷ. ಮಗನ ಸಾಲದ ಬಡ್ಡಿ 90,000 ಕಟ್ಟಿದ್ದೇನೆ. ಎಲ್ಲಿ ತೋರಿಸಲಿ?

ಸಿಎ ಮೇಡಂ: ಬೇರೆ ಆದಾಯ ಇಲ್ಲದಿದ್ದರೆ ಹೊಸ ರೆಜಿಮ್‌ನಲ್ಲಿ 12.75 ಲಕ್ಷ ಸಂಬಳದವರೆಗೆ ತೆರಿಗೆಯೇ ಸೊನ್ನೆ. ತೋರಿಸುವ ಅಗತ್ಯವಿಲ್ಲ ಅಕ್ಕಾರೆ.

ಇಮ್ತಿಯಾಜ್, ಹುಬ್ಬಳ್ಳಿ: ಮಿತಿ ಎಷ್ಟು ಮೇಡಂ?

ಸಿಎ ಮೇಡಂ: ಮೇಲೆ ಓದಿ.

ಶಿವಾನಂದ: ಮಂಜೂರಾದ ದಿನದಿಂದಲೇ ಅಂತ ನಾನು ಈಗಲೂ ಹೇಳುತ್ತೇನೆ.

ಸಿಎ ಮೇಡಂ: ಕಾಯ್ದೆಯಲ್ಲಿ ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಅಂತಿದೆ. ಇದಕ್ಕೆ ಇನ್ನು ಉತ್ತರ ಬರೆಯಲ್ಲ.

ರೇಣುಕಾ, ಧಾರವಾಡ: ಮೇಡಂ, ನಮ್ಮವರೂ ನಾನೂ ಇಬ್ಬರೂ ಸಹಸಾಲಗಾರರು, ಜಂಟಿ ಖಾತೆಯಿಂದ ಕಂತು ಹೋಗುತ್ತದೆ. ಅರ್ಧ ಅರ್ಧ ಹಂಚಿಕೊಳ್ಳಬಹುದಾ?