ಮಹಾಸಭೆ ನೋಟಿಸಿನಲ್ಲಿ ‘ಮುಂದೂಡಿ’, ‘ಪ್ರತಿನಿಧಿ’: ಈ ಪದಗಳು ಸರಿಯೇ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ನಿವಾಸಿಗಳ ಸಂಘದ ವಾರ್ಷಿಕ ಮಹಾಸಭೆಯ ನೋಟಿಸು ಬರೆಯುವ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. 240 ಸದಸ್ಯರಿದ್ದಾರೆ. ಕೋರಂ ನಾಲ್ಕನೇ ಒಂದು ಭಾಗ, ಅಂದರೆ 60. ಹಳೆ ನೋಟಿಸಿನಲ್ಲಿ ಈ ಎರಡು ಸಾಲುಗಳಿವೆ:

“ಕೋರಂ ಅಭಾವವಾದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು. ಸದರಿ ಸಭೆಗೆ ಕೋರಂನ ಅವಶ್ಯಕತೆ ಇರುವುದಿಲ್ಲ.”

“ಬರಲಾಗದ ಸದಸ್ಯರು ತಮ್ಮ ಪ್ರತಿನಿಧಿಯನ್ನು ಕಳುಹಿಸಬಹುದು.”

ಕಳೆದ ವರ್ಷ 52 ಸದಸ್ಯರು, 11 ಪ್ರತಿನಿಧಿಗಳು ಬಂದಿದ್ದರು. ಕಾರ್ಯದರ್ಶಿಯವರು ಒಟ್ಟು 63 ಅಂತ ಲೆಕ್ಕ ಹಾಕಿ ಸಭೆ ಶುರು ಮಾಡಿದರು. ನಿರ್ವಹಣಾ ಶುಲ್ಕ ಏರಿಸುವ ಠರಾವೂ ಪಾಸಾಯಿತು. ಒಬ್ಬರ ಅಳಿಯ ಪ್ರತಿನಿಧಿಯಾಗಿ ಬಂದು ಕಾಲು ಗಂಟೆ ಭಾಷಣ ಮಾಡಿದರು. ಆಮೇಲೆ ಗಲಾಟೆ. “ಅವರು ಬರೀ ಪ್ರಾಕ್ಸಿ, ಮಾತಾಡೋ ಹಕ್ಕೆಲ್ಲಿದೆ?” ಅಂತ ಒಬ್ಬರು. “ನೋಟಿಸಿನಲ್ಲಿ ಪ್ರತಿನಿಧಿ ಅಂತ ಬರೆದು ಈಗ ಬಾಯಿ ಮುಚ್ಚಿ ಅಂದರೆ ಹೇಗೆ?” ಅಂತ ಅಳಿಯ. ಆತನ ಮಾತೂ ಸುಳ್ಳಲ್ಲ, ಅಲ್ವಾ? ಇದಕ್ಕೆ ಸರಿಯಾದ ಕನ್ನಡ ಪದ ಯಾವುದು?

ಧಾರವಾಡದಿಂದ

ಮೊದಲು ‘ಕೋರಂ’ ಬಿಡಿ. ‘ಗಣಪೂರ್ತಿ’ ಅಂತ ಒಳ್ಳೆಯ ಪದವಿದೆ. ಹಾಗೆಯೇ ‘ಸಾಮಾನ್ಯ ಸಭೆ’ ಅಂತ ಬರೆಯಬೇಡಿ, ವರ್ಷಕ್ಕೊಮ್ಮೆ ನಡೆಯುವ ಸಭೆ ಸಾಮಾನ್ಯ ಹೇಗಾಗುತ್ತದೆ? ‘ಸರ್ವ ಸದಸ್ಯರ ಸಭೆ’ ಅನ್ನಿ.

ಮೈಸೂರಿನಿಂದ

ಸರ್, ನಾನು ಮಹಾಸಭೆ ಅಂತಲೇ ಬರೆದಿದ್ದೇನೆ. ನನ್ನ ತಕರಾರು ಇನ್ನೆರಡು ಪದಗಳ ಬಗ್ಗೆ.

ಶಿರಸಿಯಿಂದ

ಪದ ಹುಡುಕುವ ಅಗತ್ಯವೇ ಇಲ್ಲ. ಪ್ರಾಕ್ಸಿಗೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ನಾನು ಪತ್ತಿನ ಸಹಕಾರ ಸಂಘದ ನಿರ್ದೇಶಕನಾಗಿದ್ದವನು. ಸದಸ್ಯ ಖುದ್ದಾಗಿ ಬಂದೇ ಮತ ಹಾಕಬೇಕು. ಆ ಸಾಲನ್ನೇ ಹೊಡೆದು ಹಾಕಿ.

ಬೆಂಗಳೂರಿನಿಂದ

ಶಿರಸಿಯವರು ಹೇಳಿದ್ದು ಅವರ ಸಂಘಕ್ಕೆ ಪೂರ್ತಿ ಸರಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 21ನೇ ಪ್ರಕರಣ ಪ್ರಾಕ್ಸಿ ಮತವನ್ನು ಒಪ್ಪುವುದಿಲ್ಲ. ಆದರೆ ಮೈಸೂರಿನವರದು 1960ರ ಕಾಯ್ದೆಯ ಸಂಘ. ಇಲ್ಲಿ ಅವರ ಬೈಲಾ ನೋಡಬೇಕು. ಇದು ಗೊತ್ತಾಗದೆ ಒಂದು ಕಡೆಯ ನೋಟಿಸನ್ನು ಇನ್ನೊಂದು ಕಡೆ ನಕಲು ಮಾಡುವವರು ಜಾಸ್ತಿ. ನಾನು ಕಂಪನಿ ಸೆಕ್ರೆಟರಿಯಾಗಿ ಕೆಲಸ ಮಾಡಿದವಳು, ಇಂಥ ನೋಟಿಸುಗಳನ್ನು ಬೇಕಾದಷ್ಟು ತಿದ್ದಿದ್ದೇನೆ. ನಿಮ್ಮ ಬೈಲಾದಲ್ಲಿ ಕೋರಂ ಮತ್ತು ಪ್ರಾಕ್ಸಿ ಬಗ್ಗೆ ಏನಿದೆ ಅಂತ ಇಲ್ಲಿ ಹಾಕುತ್ತೀರಾ?

ಮೈಸೂರಿನಿಂದ

ಬೈಲಾ ಇಂಗ್ಲಿಷಿನಲ್ಲಿದೆ ಮೇಡಂ. ಸಾರಾಂಶ ಹೀಗೆ: ಕೋರಂಗೆ ಸದಸ್ಯರು ‘ಖುದ್ದಾಗಿ’ ಹಾಜರಿರಬೇಕು. ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದಿನ ವಾರದ ಅದೇ ದಿನ, ಅದೇ ಸಮಯಕ್ಕೆ ಹೋಗುತ್ತದೆ. ಅವತ್ತು ಬಂದಷ್ಟು ಸದಸ್ಯರೇ ಕೋರಂ. ಪ್ರಾಕ್ಸಿ ಮತ ಹಾಕಬಹುದು, ಮಾತಾಡುವಂತಿಲ್ಲ. ಪ್ರಾಕ್ಸಿ ನಮೂನೆ ಸಭೆಗೆ 48 ಗಂಟೆ ಮುಂಚೆ ಕಚೇರಿಗೆ ತಲುಪಬೇಕು.

ಬೆಂಗಳೂರಿನಿಂದ

ನಿಮ್ಮ ಬೈಲಾ ಬರೆದವರು ಕಂಪನಿ ಕಾಯ್ದೆಯನ್ನು ಮುಂದಿಟ್ಟುಕೊಂಡೇ ಬರೆದಂತಿದೆ. 2013ರ ಕಂಪನಿ ಕಾಯ್ದೆಯ 103 ಮತ್ತು 105ನೇ ಪ್ರಕರಣಗಳಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡಿದೆ.

ಹಾಗಾಗಿ ನಿಮ್ಮ ನೋಟಿಸಿನ ದೊಡ್ಡ ತೊಂದರೆ ‘ಪ್ರತಿನಿಧಿ’ ಅಲ್ಲ, ‘ಅರ್ಧ ಗಂಟೆ ಮುಂದೂಡಿ’. ಬೈಲಾದಲ್ಲಿ ಅರ್ಧ ಗಂಟೆ ಎನ್ನುವುದು ಕಾಯುವ ಹೊತ್ತು. ಮುಂದೂಡುವುದು ಅದಾದ ಮೇಲೆ, ಒಂದು ವಾರಕ್ಕೆ. ನೋಟಿಸು ಬರೆದವರು ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟರು. ಹತ್ತು ಗಂಟೆಗೆ 52 ಜನ ಬಂದರೆ, ಆ ಸಾಲಿನ ಪ್ರಕಾರ ಹತ್ತೂವರೆಗೆ ಅದೇ 52 ಜನರಿಂದ ಸಭೆ ನಡೆದುಹೋಗುತ್ತದೆ. ಬೈಲಾ ಪ್ರಕಾರ ಹತ್ತೂವರೆಗೆ ಸಭೆ ಮುಂದಕ್ಕೆ ಹೋಗಬೇಕು, ಬಾರದ 188 ಜನಕ್ಕೆ ಇನ್ನೊಂದು ಭಾನುವಾರ ಸಿಗಬೇಕು.

ಕಳೆದ ವರ್ಷದ ಲೆಕ್ಕವೂ ಇಲ್ಲೇ ತಪ್ಪಿದೆ. ಖುದ್ದಾಗಿ ಬಂದ ಸದಸ್ಯರು 52. ಆ 11 ಜನ ಮತಕ್ಕೆ ಬೇಕಾಗುತ್ತಾರೆ, ಕೋರಂಗಲ್ಲ. 60 ಆಗಿರಲಿಲ್ಲ.

ಮಂಡ್ಯದಿಂದ

ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ಈ ರಗಳೆಯೇ ಇಲ್ಲ. ಬೋನಸ್ ಹಂಚುವುದು, ಊಟ ಎರಡೂ ಮಹಾಸಭೆ ದಿನವೇ. ಕೋರಂ ತಾನಾಗಿ ಆಗುತ್ತದೆ. ಸೆಪ್ಟೆಂಬರ್ 25ರೊಳಗೆ ಸಭೆ ಮುಗಿಸಬೇಕಲ್ಲ, ಆ ತಿಂಗಳು ಸುತ್ತಮುತ್ತ ದಿನಾ ಒಂದೂರಲ್ಲಿ ಊಟ. ಆದರೆ ‘ಪ್ರತಿನಿಧಿ’ ಬಗ್ಗೆ ಒಂದು ಮಾತು. ನಮ್ಮ ಸಂಘದಿಂದ ಒಕ್ಕೂಟದ ಮಹಾಸಭೆಗೆ ಒಬ್ಬರನ್ನು ಕಳಿಸುತ್ತೇವೆ. ಅವರನ್ನು ನಾವು ಪ್ರತಿನಿಧಿ ಅಂತಲೇ ಕರೆಯುವುದು. ಅವರು ಅಲ್ಲಿ ಎದ್ದು ನಿಂತು ಜಗಳವನ್ನೂ ಆಡುತ್ತಾರೆ.

ಬೆಂಗಳೂರಿನಿಂದ

ಮಂಡ್ಯದವರು ಸರಿಯಾದ ಜಾಗಕ್ಕೇ ಬಂದರು. ಸಂಘವೇ ಇನ್ನೊಂದು ಸಂಘದ ಸದಸ್ಯನಾಗಿದ್ದಾಗ ಅದಕ್ಕೆ ಕೈಕಾಲಿಲ್ಲ. ಹಾಗಾಗಿ ಒಬ್ಬರನ್ನು ಕಳಿಸಬೇಕು. ಅವರು ಬಂದರೆ ಸಂಘವೇ ಬಂದಂತೆ, ಮಾತು ಮತ ಎರಡೂ ಉಂಟು. ಅದು ಪ್ರತಿನಿಧಿ. ಪ್ರಾಕ್ಸಿ ಹಾಗಲ್ಲ, ಬಾರದ ಸದಸ್ಯನ ಮತವನ್ನು ಹಾಕಿ ಹೋಗುವವನು ಅಷ್ಟೇ. ಆದ್ದರಿಂದ ನಾನಾದರೆ ‘ಪ್ರಾಕ್ಸಿ’ ಅಂತಲೇ ಬರೆದು, ಅವನು ಏನು ಮಾಡಬಹುದು ಏನು ಮಾಡಬಾರದು ಅಂತ ಮುಂದಿನ ಸಾಲಿನಲ್ಲೇ ಹೇಳುತ್ತೇನೆ.

ಧಾರವಾಡದಿಂದ

‘ಮುಖ್ತ್ಯಾರ’ ಆಗುವುದಿಲ್ಲವೇ? ಎಲ್ಲರಿಗೂ ಗೊತ್ತಿರುವ ಪದ.

ಬೆಂಗಳೂರಿನಿಂದ

ಮುಖ್ತ್ಯಾರ ಅಂದರೆ ಜನ ಛಾಪಾ ಕಾಗದ ಹಿಡಿದುಕೊಂಡು ಬರುತ್ತಾರೆ ಸರ್. ಮನೆ ಮಾರುವ ಅಧಿಕಾರ ಇರುವವನಿಗೂ ಒಂದು ಸಭೆಯಲ್ಲಿ ಮತ ಹಾಕುವವನಿಗೂ ಒಂದೇ ಹೆಸರು ಬೇಡ.

ಧಾರವಾಡದಿಂದ

ಹಾಗಿದ್ದರೆ ‘ಬದಲಿ ಮತದಾರ’. ಪ್ರಾಕ್ಸಿ ಅಂದರೆ ಕಾಲೇಜಿನಲ್ಲಿ ಗೆಳೆಯನ ಹಾಜರಿ ಕೂಗುವುದು ನೆನಪಾಗುತ್ತದೆ. ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ‘ಪ್ರಾಕ್ಸಿ’ ಅಂತಲೇ ಇಟ್ಟಿದ್ದೇನೆ, ಧಾರವಾಡದವರು ಕ್ಷಮಿಸಬೇಕು. ಹೊಸ ಸಾಲುಗಳು ಹೀಗಿವೆ, ತಿದ್ದಿಕೊಡಿ:

“ಸಭೆ ಬೆಳಿಗ್ಗೆ 10ಕ್ಕೆ. ಕೋರಂಗೆ 60 ಸದಸ್ಯರು ಖುದ್ದಾಗಿ ಹಾಜರಿರಬೇಕು. ಪ್ರಾಕ್ಸಿಗಳನ್ನು ಕೋರಂಗೆ ಲೆಕ್ಕ ಹಾಕುವುದಿಲ್ಲ. 10.30ರವರೆಗೆ ಕಾಯಲಾಗುವುದು. ಅಷ್ಟರೊಳಗೆ ಕೋರಂ ಆಗದಿದ್ದರೆ ಸಭೆಯನ್ನು ಮುಂದಿನ ಭಾನುವಾರ ಇದೇ ಸಮಯಕ್ಕೆ, ಇದೇ ಸ್ಥಳಕ್ಕೆ ಮುಂದೂಡಲಾಗುವುದು. ಅಂದು ಹಾಜರಿದ್ದಷ್ಟು ಸದಸ್ಯರೇ ಕೋರಂ.”

“ಬರಲಾಗದ ಸದಸ್ಯರು ಪ್ರಾಕ್ಸಿಯನ್ನು ನೇಮಿಸಬಹುದು. ಪ್ರಾಕ್ಸಿ ಸದಸ್ಯರ ಪರವಾಗಿ ಮತ ಹಾಕಬಹುದು, ಚರ್ಚೆಯಲ್ಲಿ ಮಾತನಾಡುವಂತಿಲ್ಲ. ಸಹಿ ಮಾಡಿದ ನಮೂನೆ ಸಭೆಗೆ 48 ಗಂಟೆ ಮುಂಚೆ ಕಚೇರಿಗೆ ತಲುಪಬೇಕು.”

ಬೆಂಗಳೂರಿನಿಂದ

ಚೆನ್ನಾಗಿದೆ. ‘48 ಗಂಟೆ ಮುಂಚೆ’ ಅಂತ ಬಿಟ್ಟರೆ ಶನಿವಾರ ಸಂಜೆ ನಮೂನೆ ಹಿಡಿದು ಬಂದು ಜಗಳ ಆಡುತ್ತಾರೆ. ‘ಶುಕ್ರವಾರ ಬೆಳಿಗ್ಗೆ 10ರೊಳಗೆ’ ಅಂತ ತಾರೀಖಿನ ಸಮೇತ ಬರೆಯಿರಿ. ಮುಂದೂಡಿದ ಸಭೆಯಲ್ಲಿ ‘ಇದೇ ಕಾರ್ಯಸೂಚಿಯ ವಿಷಯಗಳನ್ನು ಮಾತ್ರ ತೆಗೆದುಕೊಳ್ಳಲಾಗುವುದು’ ಅಂತಲೂ ಸೇರಿಸಿ. ಇನ್ನು ಶುಲ್ಕದ ಠರಾವನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎನ್ನುವುದರ ಅಡಿ ನುಸುಳಿಸಬೇಡಿ. ಕಾರ್ಯಸೂಚಿಯಲ್ಲಿ ಅದನ್ನೇ ಒಂದು ವಿಷಯ ಮಾಡಿ, ಎಷ್ಟಿದ್ದದ್ದು ಎಷ್ಟಾಗುತ್ತದೆ ಅಂತ ರೂಪಾಯಿಯಲ್ಲಿ ಬರೆದು ಮತ್ತೆ ಮತಕ್ಕೆ ಹಾಕಿ.

ಮೈಸೂರಿನಿಂದ

ಆಗಲೇ ಹೆಚ್ಚು ಕಟ್ಟಿದವರು ವಾಪಸ್ ಕೇಳಿದರೆ?

ಬೆಂಗಳೂರಿನಿಂದ

ಅದಕ್ಕೆ ಪದಚರ್ಚೆ ಸಾಲದು, ವಕೀಲರನ್ನೇ ಕೇಳಿ.