ಲೈಸೆನ್ಸ್ ಮುಗಿದ 19ನೇ ದಿನ ಅಪಘಾತ: ಕ್ಲೇಮ್ ಯಾಕೆ ಬಿತ್ತು?

ಕೇಳಿದವರು (ದಾವಣಗೆರೆ): ಕಾರು ನನ್ನ ಹೆಸರಲ್ಲಿದೆ, ಫುಲ್ ಇನ್ಶೂರೆನ್ಸ್ ಇದೆ. 2025ರ ಮಾರ್ಚ್ 30ರಂದು ನಮ್ಮ ಭಾವ ಓಡಿಸುತ್ತಿದ್ದಾಗ ಹಿರಿಯೂರಿನ ಹತ್ತಿರ ಬೈಕಿಗೆ ತಾಗಿ ಡಿವೈಡರ್‌ಗೆ ಗುದ್ದಿತು. ಬೈಕಿನವರ ಕಾಲು ಮುರಿದಿದೆ. ಭಾವನ ಲೈಸೆನ್ಸ್ ಮಾರ್ಚ್ 11ಕ್ಕೇ ಮುಗಿದಿತ್ತಂತೆ, ಏಪ್ರಿಲ್ 9ಕ್ಕೆ ರಿನ್ಯೂ ಆಯಿತು. ಈಗ ಕಾರಿನ ರಿಪೇರಿ 2.4 ಲಕ್ಷ ಕೊಡಲ್ಲ ಅಂತ ಕಂಪನಿ ಪತ್ರ ಕಳಿಸಿದೆ. 20 ವರ್ಷದಿಂದ ಗಾಡಿ ಓಡಿಸುವವರಿಗೆ ಹೀಗೆ ಮಾಡಬಹುದಾ? ಅನುಭವ ಇದ್ದವರು ಹೇಳಿ.

ವಿದ್ಯಾನಗರ ನಿವಾಸಿ: ಹೆದರಬೇಡಿ ಸರ್. ಲೈಸೆನ್ಸ್ ಮುಗಿದ ಮೇಲೂ 30 ದಿನ ನಡೆಯುತ್ತೆ. ನಿಮ್ಮದು 19ನೇ ದಿನ. ನಮ್ಮ ಚಿಕ್ಕಪ್ಪನಿಗೆ 2014ರಲ್ಲಿ ಇದೇ ತರ ಆಗಿತ್ತು, ವಾದ ಮಾಡಿ ಪೂರ್ತಿ ದುಡ್ಡು ತಗೊಂಡರು. ನೀವೂ ಪಟ್ಟು ಹಿಡಿಯಿರಿ.

ಚಿತ್ರದುರ್ಗದ ವಕೀಲ: ನಿಮ್ಮ ಚಿಕ್ಕಪ್ಪನಿಗೆ ಸಿಕ್ಕಿದ್ದು ಸರಿಯೇ. ಮೋಟಾರು ವಾಹನ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಆ 30 ದಿನ ಆಗ ಇತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಆದರೂ ಹಳೇ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿದೆ, ಆರ್‌ಟಿಒ ಆಫೀಸಿನ ಮುಂದೆ ಕೂರುವ ಏಜೆಂಟರೂ ಹೇಳುತ್ತಾರೆ.

ಇನ್ನೊಂದು ಗೊಂದಲ ಒಂದು ವರ್ಷದ್ದು. ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಬೇಡ. ಅಷ್ಟೇ ಅದರ ಅರ್ಥ. ಆ ವರ್ಷವಿಡೀ ಓಡಿಸಬಹುದು ಅಂತಲ್ಲ. 15ನೇ ಸೆಕ್ಷನ್ ಪ್ರಕಾರ ರಿನ್ಯೂವಲ್ ಲೆಕ್ಕಕ್ಕೆ ಬರುವುದು ರಿನ್ಯೂ ಮಾಡಿದ ದಿನದಿಂದ, ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಮಾರ್ಚ್ 12ರಿಂದ ಏಪ್ರಿಲ್ 8ರವರೆಗೆ ನಿಮ್ಮ ಭಾವನಿಗೆ ಲೈಸೆನ್ಸೇ ಇರಲಿಲ್ಲ ಅಂತ ಲೆಕ್ಕ. ಅಪಘಾತ ಆ ಸಂದಿಯಲ್ಲೇ ಆಗಿದೆ.

ಪಾಲಿಸಿ ಪುಸ್ತಕ ತೆಗೆದು ‘ಡ್ರೈವರ್ಸ್ ಕ್ಲಾಜ್’ ಅನ್ನುವ ಸಾಲು ನೋಡಿ. ಓಡಿಸುವವರು ಯಾರಾದರೂ ಆಗಲಿ, ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಅಂತ ಅಲ್ಲಿರುತ್ತದೆ. ‘ಆ ಹೊತ್ತಿಗೆ’ ಅನ್ನುವುದರ ಮೇಲೇ ನಿಮ್ಮ ಕ್ಲೇಮ್ ಬಿದ್ದಿರುವುದು. 20 ವರ್ಷದ ಅನುಭವ ಇದ್ದರೂ, ತಪ್ಪು ಬೈಕಿನವರದ್ದೇ ಆದರೂ ಆ ಸಾಲು ಬದಲಾಗುವುದಿಲ್ಲ.

ಚಳ್ಳಕೆರೆ ಗೂಡ್ಸ್ ಗಾಡಿ: ಬ್ಯಾಡ್ಜ್ ಇಲ್ಲ ಅಂತ ತಿರಸ್ಕಾರ ಮಾಡಿದ್ದರೆ ಬಿಡಲೇಬೇಡಿ ಅಣ್ಣ! ಶೇಂಗಾ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವಾಗ ನಮ್ಮ ಗಾಡಿ ಪಲ್ಟಿ ಆಯಿತು. ಡ್ರೈವರ್‌ಗೆ ಕಾರಿನ ಲೈಸೆನ್ಸ್ ಮಾತ್ರ ಇತ್ತು, ಗೂಡ್ಸ್ ಓಡಿಸುವಂತಿಲ್ಲ ಅಂದರು. 7500 ಕೆಜಿ ಒಳಗಿನ ಗಾಡಿಗೆ ಆ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ತೋರಿಸಿದ ಮೇಲೆ ದಾರಿಗೆ ಬಂದರು.

ಚಿತ್ರದುರ್ಗದ ವಕೀಲ: ನೀವು ಹೇಳಿದ್ದು ನಿಜ ಅಣ್ಣ. 2017ರಲ್ಲಿ ಹಾಗೆ ತೀರ್ಪು ಬಂತು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದರೆ ಅದು ಯಾವ ಲೈಸೆನ್ಸಿಗೆ ಯಾವ ಗಾಡಿ ಅನ್ನುವ ಜಗಳ. ಇವರದು ತಾರೀಖಿನದು. ನಿಮ್ಮ ತೀರ್ಪು ಇವರಿಗೆ ಉಪಯೋಗಕ್ಕೆ ಬರಲ್ಲ.

ಹರಿಹರ ಗ್ಯಾರೇಜ್: ಇಷ್ಟೆಲ್ಲಾ ಯಾಕೆ? ಓಡಿಸುತ್ತಿದ್ದದ್ದು ನಾನೇ ಅಂತ ಓನರ್ ಬರೆದುಕೊಟ್ಟರೆ ಮುಗೀತಲ್ವಾ.

ಚಿತ್ರದುರ್ಗದ ವಕೀಲ: ದಯವಿಟ್ಟು ಬೇಡ. ಎಫ್‌ಐಆರ್‌ನಲ್ಲಿ ಭಾವನ ಹೆಸರಿರುತ್ತದೆ, ಅವರಿಗೂ ಪೆಟ್ಟಾಗಿದ್ದರೆ ಆಸ್ಪತ್ರೆಯ ದಾಖಲೆಯಲ್ಲೂ ಇರುತ್ತದೆ. ಕಂಪನಿ ಮೊದಲು ತರಿಸುವುದು ಅವನ್ನೇ. ಲೈಸೆನ್ಸ್ ತಪ್ಪಿನ ಮೇಲೆ ಸುಳ್ಳು ಹೇಳಿದ ತಪ್ಪೂ ಸೇರುತ್ತದೆ.

ಕೇಳಿದವರು: ಅಯ್ಯೋ ಹಾಗೆಲ್ಲ ಮಾಡಲ್ಲ ಸರ್. ಕಾರಿನ ದುಡ್ಡು ಹೋದರೆ ಹೋಗಲಿ. ಬೈಕಿನವರು ಕೇಸ್ ಹಾಕುತ್ತಾರಂತೆ. ಅದನ್ನೂ ಕಂಪನಿ ಕೊಡಲ್ವಾ? ನಿದ್ದೆ ಬರುತ್ತಿಲ್ಲ.

ಚಿತ್ರದುರ್ಗದ ವಕೀಲ: ಇಲ್ಲಿ ಲೆಕ್ಕ ಬೇರೆ. ನಿಮ್ಮ ಕಾರಿನ ರಿಪೇರಿ ನಿಮಗೂ ಕಂಪನಿಗೂ ನಡುವಿನ ಒಪ್ಪಂದ. ಬೈಕಿನವರಿಗೂ ಆ ಒಪ್ಪಂದಕ್ಕೂ ಸಂಬಂಧ ಇಲ್ಲ, ನಿಮ್ಮ ತಪ್ಪಿಗೆ ಅವರು ಬರಿಗೈಲಿ ಹೋಗಬಾರದು. 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಲೈಸೆನ್ಸ್ ಇರಲಿಲ್ಲ ಅಂತ ತೋರಿಸಿದರಷ್ಟೇ ಸಾಲದು, ಗಾಡಿ ಕೊಡುವಾಗ ಓನರ್ ಬೇಕಾದಷ್ಟು ಜಾಗ್ರತೆ ವಹಿಸಲಿಲ್ಲ ಅಂತಲೂ ಕಂಪನಿ ಸಾಬೀತು ಮಾಡಬೇಕು. ಸಾಬೀತಾದರೂ ಎಷ್ಟೋ ಕೇಸುಗಳಲ್ಲಿ ಟ್ರಿಬ್ಯೂನಲ್ ‘ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಓನರ್‌ನಿಂದ ವಸೂಲಿ ಮಾಡಿಕೊಳ್ಳಿ’ ಅನ್ನುತ್ತದೆ. ಆ ಓನರ್ ನೀವು. ಹಾಗಾಗಿ ನೋಟಿಸ್ ಬಂದಾಗ ‘ಕಂಪನಿ ನೋಡಿಕೊಳ್ಳುತ್ತೆ’ ಅಂತ ಮನೇಲಿ ಕೂತರೆ ಕೆಟ್ಟಿರಿ. ಹಾಜರಾಗಿ, ನಿಮ್ಮ ಹೇಳಿಕೆ ಕೊಡಿ.

ಸ್ವರಣ್ ಸಿಂಗ್ ತೀರ್ಪು ಹಿಡಿದುಕೊಂಡು ಸ್ವಂತ ಕಾರಿನ ದುಡ್ಡು ಕೇಳಲು ಹೋಗುವವರೂ ಇದ್ದಾರೆ. ಅದು ಮೂರನೆಯವರಿಗೆ ಮಾತ್ರ, ಸ್ವಂತ ಗಾಡಿಯ ನಷ್ಟಕ್ಕೆ ಅಲ್ಲ ಅಂತ 2007ರಲ್ಲಿ ಲಕ್ಷ್ಮೀನಾರಾಯಣ ಧುತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹೊಸದುರ್ಗದ ಟೀಚರ್: ಕಾರು ಓಡುತ್ತಿತ್ತಾ, ನಿಂತಿತ್ತಾ? ನಮ್ಮ ಮನೆಯವರ ಲೈಸೆನ್ಸೂ ಮುಗಿದಿತ್ತು. ಹೈವೇ ಪಕ್ಕದ ಹೋಟೆಲ್ ಮುಂದೆ ಕಾರು ನಿಲ್ಲಿಸಿ ಒಳಗೆ ಇಡ್ಲಿ ತಿನ್ನುತ್ತಿದ್ದೆವು. ಲಾರಿಯವನು ರಿವರ್ಸ್ ತಗೊಂಡು ಬಾನೆಟ್ ಮಡಚಿದ. ಕಂಪನಿ ಮೊದಲು ಇದೇ ಪತ್ರ ಕಳಿಸಿತ್ತು. ಯಾರೂ ಓಡಿಸದೇ ಇದ್ದಾಗ ಓಡಿಸುವವರ ಲೈಸೆನ್ಸ್ ಎಲ್ಲಿಂದ ಬಂತು ಅಂತ ಬರೆದೆವು. ಹೋಟೆಲ್ ಬಿಲ್ಲಿನಲ್ಲಿ ಸಮಯ ಇತ್ತು, ಅದನ್ನೇ ಲಗತ್ತಿಸಿದ್ದು. ಕ್ಲೇಮ್ ಪಾಸಾಯಿತು.

ಕೇಳಿದವರು: ಓಡುತ್ತಿತ್ತು ಮೇಡಂ.

ವಿದ್ಯಾನಗರ ನಿವಾಸಿ: ನನ್ನ ಮಾಹಿತಿ ಹಳೆಯದು, ಕ್ಷಮಿಸಿ. ಆದರೆ ಷರತ್ತು ಮುರಿದಿದ್ದರೂ ನೂರಕ್ಕೆ 75 ಕೊಡುವ ಪದ್ಧತಿ ಇದೆ ಅಲ್ವಾ? ಗ್ರಾಹಕರ ಆಯೋಗಕ್ಕೆ ಹೋದರೆ ಅಷ್ಟಾದರೂ ಬರಬಹುದು.

ಚಿತ್ರದುರ್ಗದ ವಕೀಲ: ಆ ಪದ್ಧತಿ ಇದೆ. 2010ರ ಅಮಲೇಂದು ಸಾಹು ಪ್ರಕರಣದಲ್ಲಿ ಹಾಗೆ ಕೊಡಿಸಿದ್ದಾರೆ. ಆದರೆ ಅಲ್ಲಿ ತಪ್ಪು ಇದ್ದದ್ದು ಗಾಡಿಯ ಬಳಕೆಯಲ್ಲಿ, ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದ್ದರು. ಲೈಸೆನ್ಸ್ ಇಲ್ಲದಿರುವುದು ಅದಕ್ಕಿಂತ ದೊಡ್ಡ ತಪ್ಪು ಅಂತ ಕಂಪನಿ ವಾದಿಸುತ್ತದೆ, ಆ ವಾದ ಗಟ್ಟಿಯೂ ಹೌದು. ನನ್ನನ್ನು ಕೇಳಿದರೆ ಆಸೆ ಕಡಿಮೆ. ನೋಡೇಬಿಡೋಣ ಅಂದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರ ಹತ್ತಿರ ಹೋಗಬಹುದು. ಅಲ್ಲಿ ಫೀಸ್ ಇಲ್ಲ, ಒಂದು ವರ್ಷದೊಳಗೆ ಹೋಗಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷ ಟೈಮ್ ಇದೆ.

ಚಳ್ಳಕೆರೆ ಗೂಡ್ಸ್ ಗಾಡಿ: ಇದನ್ನು ಓದುತ್ತಾ ನಮ್ಮ ಡ್ರೈವರ್ ಕಾರ್ಡ್ ತರಿಸಿ ನೋಡಿದೆ. ಅದರಲ್ಲಿ ಎರಡು ತಾರೀಖು ಇವೆ ಅಣ್ಣ! NT ಅಂತ ಒಂದು 2034, TR ಅಂತ ಇನ್ನೊಂದು, ಅದು ಬರುವ ತಿಂಗಳೇ. ನಾನು ಇಷ್ಟು ದಿನ ಮೇಲಿನದೊಂದೇ ನೋಡುತ್ತಿದ್ದೆ.

ಚಿತ್ರದುರ್ಗದ ವಕೀಲ: NT ಅಂದರೆ ನಾನ್-ಟ್ರಾನ್ಸ್‌ಪೋರ್ಟ್, TR ಅಂದರೆ ಟ್ರಾನ್ಸ್‌ಪೋರ್ಟ್. ಗೂಡ್ಸ್‌ಗೆ TR ತಾರೀಖನ್ನೇ ನಂಬಿ. ಅದು ಐದೇ ವರ್ಷ ಇರುವುದು. ಡ್ರೈವರ್‌ಗೆ ಸಂಬಳ ಕೊಟ್ಟು ಇಟ್ಟುಕೊಂಡ ಓನರ್ ಲೈಸೆನ್ಸ್ ರಿನ್ಯೂ ಆಗಿದೆಯಾ ಅಂತ ನೋಡಲೇಬೇಕು ಅಂತ 2020ರಲ್ಲಿ ಬೇಲಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೇಳಿದವರು: ಸರ್, ಭಾವ ಈಗ ಹೇಳುತ್ತಿದ್ದಾರೆ, ಮುಗಿಯುವ ಮೊದಲೇ ಸಾರಥಿ ಪೋರ್ಟಲ್‌ನಲ್ಲಿ ಫೀಸ್ ಕಟ್ಟಿದ್ದರಂತೆ. 40 ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕಲ್ಲ, ಅದು ತಡವಾಗಿ ಹಾಕಿದ್ದು. ಇದರಿಂದ ಏನಾದರೂ ಪ್ರಯೋಜನ ಇದೆಯಾ?

ಚಿತ್ರದುರ್ಗದ ವಕೀಲ: ಕಾರಿನ ಕ್ಲೇಮಿಗೆ ಕಷ್ಟ. ಅರ್ಜಿ ಹಾಕಿದ್ದು ಬೇರೆ, ಲೈಸೆನ್ಸ್ ಕೈಲಿರುವುದು ಬೇರೆ. ಆದರೆ ಬೈಕಿನವರ ಕೇಸಿನಲ್ಲಿ, ಬೇಕೂಂತ ಮಾಡಿದ ತಪ್ಪಲ್ಲ ಅಂತ ತೋರಿಸಲು ಆ ರಸೀದಿ ನೆರವಾಗಬಹುದು. ಅದರ ಮೇಲೆ ಯಾವ ತಾರೀಖಿದೆ?

ಕೇಳಿದವರು: ಭಾವ ಊರಿಗೆ ಹೋಗಿದ್ದಾರೆ. ಸಂಜೆ ಬಂದ ಮೇಲೆ ನೋಡಿ ಹೇಳುತ್ತೇನೆ.