ಹದೀಸು ಸಿಗದೆ ಬಂದ ಭೇದ ಅಲ್ಲ

"ಮಾಮಾ, ಕುರ್‌ಆನ್ ಒಂದೇ, ಹದೀಸೂ ಒಂದೇ. ಮತ್ತೆ ಮಂಗಳೂರಲ್ಲಿ ನಾವು ಶಾಫಿ, ಇಲ್ಲಿ ಬೆಂಗಳೂರಲ್ಲಿ ಪಕ್ಕದ ಮನೆಯವರು ಹನಫಿ, ಯಾಕೆ? ಕೆಲವು ಇಮಾಮರಿಗೆ ಹದೀಸು ಸಿಕ್ಕಿರಲಿಲ್ವಾ?"

ಸಲಾಂ ಮಗಳೇ. ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ತಾ ಕೇಳು. ಸಿಗದೇ ಇದ್ದದ್ದೂ ಉಂಟು, ಆದ್ರೆ ದೊಡ್ಡ ಜಗಳಗಳು ಸಿಕ್ಕಿದ ಹದೀಸಿನ ಮೇಲೇ ನಡೆದದ್ದು. ಒಂದು ಹೇಳ್ತೇನೆ. ಮಾರುವವನು, ಕೊಳ್ಳುವವನು ಬೇರೆಯಾಗುವ ತನಕ ಇಬ್ಬರಿಗೂ ವ್ಯಾಪಾರ ಮುರಿಯುವ ಹಕ್ಕಿದೆ ಅಂತ ಪ್ರವಾದಿಯವರು ಹೇಳಿದ ಒಂದು ಹದೀಸು. ಈಗ ಒಬ್ಬ ಒಂಟೆ ಕೊಂಡ, ಮಾತು ಮುಗೀತು, ಇಬ್ಬರೂ ಅಲ್ಲೇ ಕೂತಿದ್ದಾರೆ. ಒಂದು ಗಂಟೆ ಬಿಟ್ಟು ಕೊಂಡವನು "ಬೇಡಪ್ಪ" ಅಂದ. ನಡೆಯುತ್ತಾ?

ಮದೀನಾದ ಇಮಾಂ ಮಾಲಿಕ್ (ನಿಧನ 795) ಈ ಹದೀಸನ್ನು ಮುವತ್ತಾ ಅನ್ನುವ ತಮ್ಮ ಗ್ರಂಥದಲ್ಲಿ ತಾವೇ ಬರೆದಿದ್ದಾರೆ. ಬರೆದು, ಇದಕ್ಕೆ ನಮ್ಮಲ್ಲಿ ಗೊತ್ತಾದ ಗಡಿಯೂ ಇಲ್ಲ, ರೂಢಿಯೂ ಇಲ್ಲ ಅಂತ ಕೆಳಗೇ ಸೇರಿಸಿದ್ದಾರೆ! ಅವರಿಗೆ ಪ್ರವಾದಿಯವರ ಊರಿನವರು ತಲೆತಲಾಂತರದಿಂದ ನಡೆಸಿಕೊಂಡು ಬಂದದ್ದೇ ಗಟ್ಟಿ ಸಾಕ್ಷಿ. ಇರಾಕಿನ ಕೂಫಾದ ಅಬೂ ಹನೀಫಾ (ನಿಧನ 767) ಕಡೆಯವರೂ ವ್ಯಾಪಾರ ಮುರಿಯಲ್ಲ ಅಂದ್ರು, ಆದ್ರೆ ಕಾರಣ ಬೇರೆ. "ಬೇರೆಯಾಗುವುದು" ಅಂದ್ರೆ ಮಾತಿನಲ್ಲಿ ಬೇರೆಯಾಗುವುದು; "ಕೊಟ್ಟೆ", "ತಗೊಂಡೆ" ಅಂದ ಮೇಲೆ ಕರಾರು ಪಾಲಿಸಿ ಅಂತ ಕುರ್‌ಆನ್ ಹೇಳುತ್ತಲ್ಲ, ಅದು ಅವರ ವಾದ.

ಇಮಾಂ ಶಾಫಿ ಮದೀನಾದಲ್ಲಿ ಮಾಲಿಕರ ಹತ್ತಿರ ಓದಿದವರು, ಆಮೇಲೆ ಬಗ್ದಾದಿನಲ್ಲಿ ಅಬೂ ಹನೀಫಾರ ಶಿಷ್ಯ ಶೈಬಾನಿಯ ಹತ್ತಿರವೂ ಕೂತವರು. ಎರಡೂ ಒಳಗಿಂದ ಗೊತ್ತು. ಹದೀಸು ಸರಿಯಾಗಿದ್ರೆ ಯಾವ ಊರಿನ ರೂಢಿಯೂ ಅದಕ್ಕೆ ಅಡ್ಡ ಬರಬಾರದು ಅಂತ ಅವರು ಪಟ್ಟು ಹಿಡಿದ್ರು. ಬೇರೆಯಾಗುವುದು ಅಂದ್ರೆ ಎದ್ದು ಹೋಗುವುದೇ. ಈ ಹದೀಸು ನಮಗೆ ತಲುಪಿಸಿದ, ಪ್ರವಾದಿಯವರ ಒಡನಾಡಿ ಇಬ್ನ್ ಉಮರ್ ಅವರೇ, ಇಷ್ಟವಾದ ವಸ್ತು ಕೊಂಡ್ರೆ ವ್ಯಾಪಾರ ಗಟ್ಟಿಯಾಗಲಿ ಅಂತ ಎದ್ದು ನಾಲ್ಕು ಹೆಜ್ಜೆ ನಡೀತಿದ್ರಂತೆ. ಹಾಗಾಗಿ ಶಾಫಿಯಲ್ಲಿ ಆ ಒಂಟೆ ವಾಪಸ್, ಕಾರಣವೂ ಕೇಳುವ ಹಾಗಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ: ಇಮಾಮರು ಕೂತು ಮದ್‌ಹಬ್, ಅಂದ್ರೆ ಶಾಫಿ, ಹನಫಿ ಥರದ ಪಂಥ ಸ್ಥಾಪಿಸಿದ್ರು ಅಂತ. ಅದು ಶಿಷ್ಯರ ಕೆಲಸ. ಶಾಫಿಯವರು 820ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಮೇಲೆ ಶಿಷ್ಯ ಮುಝನಿ ಅವರ ಮಾತನ್ನೆಲ್ಲ ಒಂದು ಸಂಗ್ರಹಕ್ಕೆ ಇಳಿಸಿದ್ರು, ಬಗ್ದಾದಿನ ಇಬ್ನ್ ಸುರೈಜ್ (ನಿಧನ 918) ಅದನ್ನಿಟ್ಟು ಕ್ರಮವಾಗಿ ಪಾಠ ಹೇಳಿ ಶಿಷ್ಯರನ್ನು ತಯಾರು ಮಾಡಿದ್ರು. ಅದೇ ಈಜಿಪ್ಟಿನ ಲೈಸ್ ಬಿನ್ ಸಅದ್ ಮಾಲಿಕರಿಗಿಂತ ದೊಡ್ಡ ಫಕೀಹ್, ಅಂದ್ರೆ ಧರ್ಮಶಾಸ್ತ್ರ ಬಲ್ಲವರು ಅಂತ ಶಾಫಿಯವರೇ ಹೇಳಿದ್ದುಂಟು. ಶಿಷ್ಯರು ಎತ್ತಿ ಹಿಡೀಲಿಲ್ಲ, ಆ ಮದ್‌ಹಬ್ ಮುಗಿದೇ ಹೋಯ್ತು.

ಮತ್ತೆ ನಮ್ಮ ವಿಷಯ. ಕರಾವಳಿಗೆ ಸಮುದ್ರದ ನಂಟು ಯಮನಿನ ಕಡೆ, ಅಲ್ಲಿ ಶಾಫಿ. ಘಟ್ಟದ ಮೇಲಕ್ಕೆ ದಖ್ಖನಿನ ಸುಲ್ತಾನರು, ಮೊಘಲರ ಕಾಲದಲ್ಲಿ ಉತ್ತರದಿಂದ ಬಂದದ್ದು ಹೆಚ್ಚಾಗಿ ಹನಫಿ.